ಸಾಲ ತೀರಿದೆ, ಚಾರ್ಜ್ ಮಾತ್ರ ತೆರೆದೇ ಇದೆ: ವಿಳಂಬ ಮನ್ನಾ ಕೋರುವ ಪತ್ರ ಬರೆಯುವ ಬಗೆ

ಹೊಸ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಕಂಪನಿಯ ಸರ್ಚ್ ರಿಪೋರ್ಟ್ ತೆಗೆಸುತ್ತಾರೆ. ಎಷ್ಟೋ ಸಣ್ಣ ಕಂಪನಿಗಳ ಮಾಲೀಕರಿಗೆ ವಿಷಯ ಗೊತ್ತಾಗುವುದೇ ಆಗ. ವರ್ಷಗಳ ಹಿಂದೆ ಪೂರ್ತಿ ತೀರಿಸಿದ ಸಾಲದ ಚಾರ್ಜ್, ಅಂದರೆ ಕಂಪನಿಯ ಆಸ್ತಿಯ ಮೇಲೆ ಸಾಲದಾತರಿಗಿರುವ ಅಡವಿನ ಹಕ್ಕು, ಕಂಪನಿ ವ್ಯವಹಾರಗಳ ಮಂತ್ರಾಲಯದ ದಾಖಲೆಯಲ್ಲಿ ಇನ್ನೂ ತೆರೆದೇ ಇರುತ್ತದೆ. ಕೈಯಲ್ಲಿ ಎನ್‌ಒಸಿ ಇದೆ, ಆಸ್ತಿ ಪತ್ರ ವಾಪಸ್ ಬಂದಿದೆ, ಆದರೂ ಕಡತದ ಪ್ರಕಾರ ಯಂತ್ರಗಳೂ ಶೆಡ್ಡೂ ಹಳೆಯ ಬ್ಯಾಂಕಿಗೆ ಅಡವಾಗಿಯೇ ಇವೆ. ಸಾಲ ತೀರಿದ್ದನ್ನು ತಿಳಿಸುವ CHG-4 ನಮೂನೆಯನ್ನು ಯಾರೂ ಸಲ್ಲಿಸಿರುವುದಿಲ್ಲ. ಬ್ಯಾಂಕೇ ಮಾಡುತ್ತದೆ ಎಂದು ಕಂಪನಿ ಅಂದುಕೊಂಡಿರುತ್ತದೆ, ಕಂಪನಿ ಮಾಡಿಕೊಳ್ಳುತ್ತದೆ ಎಂದು ಬ್ಯಾಂಕು.

ಗಡುವು ಮೀರಿದ ಮೇಲೆ ಈ ಚಾರ್ಜನ್ನು ಮುಚ್ಚಿಸಬೇಕಾದರೆ ಕಂಪನಿ ಕಾಯ್ದೆ 2013ರ ಸೆಕ್ಷನ್ 87ರ ಅಡಿ ಪ್ರಾದೇಶಿಕ ನಿರ್ದೇಶಕರಿಗೆ ಅರ್ಜಿ ಕೊಟ್ಟು ವಿಳಂಬ ಮನ್ನಾ ಮಾಡಿಸಿಕೊಳ್ಳಬೇಕು. ಅರ್ಜಿಯ ನಮೂನೆ CHG-8. ಅದರ ಜೊತೆ ಹೋಗುವ ವಿವರಣಾ ಪತ್ರವನ್ನು ಹೇಗೆ ಬರೆಯಬೇಕು, ಬರೆಯುವ ಮೊದಲು ಏನು ಕೂಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳಿದ್ದೇವೆ.

ಮೊದಲು: ನಿಮಗೆ ಈ ಪತ್ರ ಬೇಕೇ?

ತಡವಾದ ಪ್ರತಿಯೊಂದು ಸಲ್ಲಿಕೆಗೂ ಮನ್ನಾ ಅರ್ಜಿ ಇರುವುದಿಲ್ಲ. ವಾರ್ಷಿಕ ಲೆಕ್ಕಪತ್ರದ AOC-4, ವಾರ್ಷಿಕ ವಿವರದ MGT-7A ತಡವಾದರೆ ದಿನಕ್ಕೆ ನಮೂನೆಯೊಂದಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಕಟ್ಟಿ ನೇರವಾಗಿ ಸಲ್ಲಿಸಬೇಕು. ಆ ಶುಲ್ಕವನ್ನು ಬಿಟ್ಟುಕೊಡಿ ಎಂದು ಕಂಪನಿಗಳ ರಿಜಿಸ್ಟ್ರಾರ್ ಆದ ಆರ್‌ಒಸಿಗೆ ಪತ್ರ ಬರೆದು ಕಾಯುವವರಿದ್ದಾರೆ. ಬಿಟ್ಟುಕೊಡುವ ಅಧಿಕಾರ ಆರ್‌ಒಸಿಗೆ ಇಲ್ಲ, ಕಾದಷ್ಟು ದಿನವೂ ನೂರು ರೂಪಾಯಿ ಏರುತ್ತಲೇ ಹೋಗುತ್ತದೆ. 2020ರಲ್ಲಿ ಬಂದ ಕಂಪನೀಸ್ ಫ್ರೆಶ್ ಸ್ಟಾರ್ಟ್ ಸ್ಕೀಮಿನಂತೆ ಸರ್ಕಾರವೇ ಯೋಜನೆ ತಂದಾಗ ಮಾತ್ರ ಅಲ್ಲಿ ರಿಯಾಯಿತಿ ಸಿಗುತ್ತದೆ.

ಚಾರ್ಜ್ ತೀರುವಳಿಯ ಲೆಕ್ಕ ಬೇರೆ. ಸೆಕ್ಷನ್ 82ರ ಪ್ರಕಾರ ಸಾಲ ಪೂರ್ತಿ ತೀರಿದ ದಿನದಿಂದ 30 ದಿನದೊಳಗೆ ಆರ್‌ಒಸಿಗೆ ತಿಳಿಸಬೇಕು. ತಪ್ಪಿದರೆ 300 ದಿನದವರೆಗೂ ಹೆಚ್ಚುವರಿ ಶುಲ್ಕ ಕಟ್ಟಿ CHG-4 ಸಲ್ಲಿಸಬಹುದು, ಅದಕ್ಕೆ ಪ್ರಾದೇಶಿಕ ನಿರ್ದೇಶಕರ ಆದೇಶ ಬೇಕಿಲ್ಲ. 300 ದಿನ ದಾಟಿದರೆ ಮಾತ್ರ CHG-8. ಹಾಗಾಗಿ ನೀವು 280ನೆಯ ದಿನದಲ್ಲಿದ್ದರೆ ಈ ಲೇಖನವನ್ನು ಪಕ್ಕಕ್ಕಿಟ್ಟು ಇವತ್ತೇ ಬ್ಯಾಂಕಿಗೆ ಹೋಗಿ. ಉಳಿದ ಇಪ್ಪತ್ತು ದಿನದಲ್ಲಿ ಬ್ಯಾಂಕಿನ ಡಿಜಿಟಲ್ ಸಹಿ ಹಾಕಿಸಿಕೊಂಡರೆ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ, ಇಲ್ಲಿ ಎಡವುವವರು ಬಹಳ. ಮಂತ್ರಾಲಯದ ಪೋರ್ಟಲ್‌ನಲ್ಲಿ ನಿಮ್ಮ CIN ಕೊಟ್ಟು `Index of Charges` ತೆಗೆಯಿರಿ. ಪ್ರತಿ ಚಾರ್ಜ್‌ಗೂ ಒಂದು Charge ID, ಸಾಲದಾತರ ಹೆಸರು, ಸೃಷ್ಟಿಯಾದ ದಿನ, ಬದಲಾವಣೆಯಾದ ದಿನ, ಮೊತ್ತ ಕಾಣುತ್ತವೆ. ತೀರುವಳಿಯ ದಿನದ ಕಂಬ ಖಾಲಿ ಇದ್ದರೆ ಚಾರ್ಜ್ ತೆರೆದಿದೆ ಎಂದರ್ಥ. ಈಗ ಆ ಒಂದು Charge ID ಅಡಿಯಲ್ಲಿ ಎಷ್ಟು ಸಾಲಗಳಿದ್ದವು ಎಂದು, ಚಾರ್ಜ್ ನೋಂದಾಯಿಸಲು ಆಗ ಸಲ್ಲಿಸಿದ್ದ CHG-1 ನಮೂನೆ ಮತ್ತು ಅಡಮಾನ ಕರಾರು ತೆಗೆದು ಓದಿ. ಟರ್ಮ್ ಲೋನ್, ಕ್ಯಾಶ್ ಕ್ರೆಡಿಟ್ ಎರಡೂ ಒಂದೇ ಚಾರ್ಜ್ ಅಡಿಯಲ್ಲಿದ್ದು, ಟರ್ಮ್ ಲೋನ್ ತೀರಿ ಕ್ಯಾಶ್ ಕ್ರೆಡಿಟ್ ಇನ್ನೂ ನಡೆಯುತ್ತಿದ್ದರೆ ಅದು ಪೂರ್ಣ ತೀರುವಳಿ ಅಲ್ಲ. ಆಗ CHG-4 ಅನ್ವಯಿಸುವುದೇ ಇಲ್ಲ. ಅದು ಚಾರ್ಜ್ ಬದಲಾವಣೆಯ ವಿಷಯ, ದಾರಿ ಬೇರೆ. ಇದನ್ನು ನೋಡದೆ ಬರೆದ ಪತ್ರ ಎಷ್ಟು ಚೆನ್ನಾಗಿದ್ದರೂ ತಿರಸ್ಕೃತವಾಗುತ್ತದೆ.

ದಿನಾಂಕಗಳನ್ನು ಕಾಗದದ ಮೇಲೆ ಹಾಕಿ

ಪತ್ರದ ಜೀವವೆಲ್ಲ ದಿನಾಂಕಗಳಲ್ಲಿದೆ. ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ, ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಮೇಲೆ 35 ಲಕ್ಷ ರೂಪಾಯಿ ಟರ್ಮ್ ಲೋನ್ ತೆಗೆದುಕೊಂಡಿತ್ತು ಎನ್ನಿ. ಕೊನೆಯ ಕಂತು ಕಟ್ಟಿದ್ದು 18 ಆಗಸ್ಟ್ 2022. ಬ್ಯಾಂಕ್ ಎನ್‌ಒಸಿ ಕೊಟ್ಟಿದ್ದು 5 ಸೆಪ್ಟೆಂಬರ್ 2022. ಹೊಸ ಸಾಲದ ಸರ್ಚ್ ರಿಪೋರ್ಟ್‌ನಲ್ಲಿ ವಿಷಯ ಗೊತ್ತಾದದ್ದು 3 ಮಾರ್ಚ್ 2025. ಅರ್ಜಿ ಸಲ್ಲಿಸುತ್ತಿರುವುದು 7 ಏಪ್ರಿಲ್ 2025.

ಎಣಿಕೆ ಶುರುವಾಗುವುದು ಸಾಲ ಪೂರ್ತಿ ತೀರಿದ ದಿನದಿಂದ. ಎನ್‌ಒಸಿ ಕೈಗೆ ಬಂದ ದಿನವನ್ನು ಹಿಡಿದು ಲೆಕ್ಕ ಹಾಕಬೇಡಿ. 18 ಆಗಸ್ಟ್ 2022ರಿಂದ 30 ದಿನ ಎಂದರೆ 17 ಸೆಪ್ಟೆಂಬರ್ 2022. 300 ದಿನ ಎಂದರೆ 14 ಜೂನ್ 2023. ಅಲ್ಲಿಂದ ಅರ್ಜಿಯ ದಿನದವರೆಗೆ 663 ದಿನ. ಸಾಲ ತೀರಿದ ದಿನದಿಂದ ಒಟ್ಟು 963. ಈ ಸಂಖ್ಯೆಗಳು ಪತ್ರ, ಪ್ರಮಾಣಪತ್ರ, ನಮೂನೆ, ಆಡಳಿತ ಮಂಡಳಿಯ ಠರಾವು ನಾಲ್ಕರಲ್ಲೂ ಒಂದೇ ಆಗಿರಬೇಕು. ಒಂದು ಕಡೆ 633, ಇನ್ನೊಂದು ಕಡೆ 663 ಎಂದು ಬಿದ್ದರೆ ಸ್ಪಷ್ಟೀಕರಣ ಕೇಳಿ ಕಡತ ವಾಪಸ್ ಬರುತ್ತದೆ.

ಬ್ಯಾಂಕಿನ ಎನ್‌ಒಸಿಯಲ್ಲಿ ಅನೇಕ ಸಲ "ಖಾತೆ ಮುಚ್ಚಲಾಗಿದೆ" ಎಂದಷ್ಟೇ ಇರುತ್ತದೆ, ಯಾವ ದಿನ ಎಂದು ಇರುವುದಿಲ್ಲ. ಹಾಗಿದ್ದರೆ ಹೊಸ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ಕಂಪನಿಯ ಪೂರ್ಣ ಹೆಸರು, Charge ID, ಸಾಲದ ಖಾತೆ ಸಂಖ್ಯೆ, ಮೂಲ ಮೊತ್ತ, ಪೂರ್ತಿ ತೀರಿದ ದಿನ, ಈಗ ಯಾವ ಬಾಕಿಯೂ ಇಲ್ಲ, ಚಾರ್ಜ್ ಮುಚ್ಚಲು ನಮ್ಮ ಆಕ್ಷೇಪವಿಲ್ಲ ಎಂಬ ಮಾತು ಇಷ್ಟೂ ಬರಬೇಕು. ಜೊತೆಗೆ ಸಾಲದ ಖಾತೆಯ ಕೊನೆಯ ಆರೇಳು ತಿಂಗಳ ಸ್ಟೇಟ್‌ಮೆಂಟ್, ಬಾಕಿ ಶೂನ್ಯ ಕಾಣುವ ಪುಟದ ಸಮೇತ ತೆಗೆದುಕೊಳ್ಳಿ.

ಕರ್ನಾಟಕದ ಹಳೆಯ ಕಂಪನಿಗಳಿಗೆ ಇಲ್ಲೊಂದು ವಿಶೇಷ ತೊಡಕಿದೆ. ಕಡತದಲ್ಲಿ ಚಾರ್ಜ್ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಅಥವಾ ಕಾರ್ಪೊರೇಷನ್ ಬ್ಯಾಂಕಿನ ಹೆಸರಲ್ಲಿರುತ್ತದೆ. ಮೈಸೂರು ಬ್ಯಾಂಕ್ 1 ಏಪ್ರಿಲ್ 2017ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕ್ 1 ಏಪ್ರಿಲ್ 2019ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, 1 ಏಪ್ರಿಲ್ 2020ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಎನ್‌ಒಸಿ ಒಂದು ಬ್ಯಾಂಕಿನದು, ಕಡತದಲ್ಲಿರುವುದು ಮತ್ತೊಂದು ಬ್ಯಾಂಕು ಎನ್ನುವಂತೆ ಕಾಣದಿರಬೇಕಾದರೆ ಪತ್ರದಲ್ಲಿ ವಿಲೀನದ ದಿನವನ್ನು ಒಂದು ವಾಕ್ಯದಲ್ಲಿ ಹೇಳಿ. ಬ್ಯಾಂಕಿನ ಹೊಸ ಪತ್ರದಲ್ಲೂ "ಹಿಂದಿನ ಇಂಥ ಬ್ಯಾಂಕ್, ಈಗ ನಮ್ಮಲ್ಲಿ ವಿಲೀನ" ಎಂದು ಬರೆಸಿ.

ಕೊನೆಯದಾಗಿ, ನಿಮ್ಮದೇ ಬ್ಯಾಲೆನ್ಸ್ ಶೀಟ್ ನೋಡಿ. ಸಾಲ ಆಗಸ್ಟ್ 2022ರಲ್ಲಿ ತೀರಿದ್ದರೆ 31 ಮಾರ್ಚ್ 2023ರ ಲೆಕ್ಕಪತ್ರದ ಭದ್ರತಾ ಸಾಲಗಳ ಟಿಪ್ಪಣಿಯಲ್ಲಿ ಆ ಖಾತೆಯ ಬಾಕಿ ಶೂನ್ಯ ಇರಬೇಕು. ಅಲ್ಲಿ ಇನ್ನೂ ಮೊತ್ತ ಕಾಣುತ್ತಿದ್ದರೆ ಕಾರಣ ತಿಳಿಯದೆ ಮುಂದಕ್ಕೆ ಹೋಗಬೇಡಿ. ಆ ಲೆಕ್ಕಪತ್ರ ಈಗಾಗಲೇ ಇಲಾಖೆಯ ಕೈಯಲ್ಲಿದೆ, ಹೋಲಿಸಿ ನೋಡುವುದು ಅವರಿಗೆ ಎರಡು ನಿಮಿಷದ ಕೆಲಸ.

ಪತ್ರ: ಪ್ಯಾರಾ ಪ್ಯಾರಾ

ಪತ್ರ ಪ್ರಾದೇಶಿಕ ನಿರ್ದೇಶಕರ ಹೆಸರಿಗೆ ಹೋಗಬೇಕು, ಆರ್‌ಒಸಿ ಹೆಸರಿಗೆ ಹೋಗಬಾರದು. ಕರ್ನಾಟಕದ ಕಂಪನಿಗಳು ಬಹುಕಾಲ ಹೈದರಾಬಾದಿನ ಆಗ್ನೇಯ ವಲಯದ ವ್ಯಾಪ್ತಿಯಲ್ಲಿದ್ದವು. ವ್ಯಾಪ್ತಿಯನ್ನು ಸರ್ಕಾರ ಬದಲಿಸುವುದುಂಟು. ಆದ್ದರಿಂದ ಹಳೆಯ ಮಾದರಿಯ ವಿಳಾಸವನ್ನೇ ನಕಲು ಮಾಡದೆ, ಸಲ್ಲಿಸುವ ದಿನ ಮಂತ್ರಾಲಯದ ಜಾಲತಾಣದಲ್ಲಿ ನಿಮ್ಮ ನೋಂದಾಯಿತ ಕಚೇರಿಗೆ ಯಾವ ಕಚೇರಿ ಎಂದು ನೋಡಿ ಬರೆಯಿರಿ. ಅರ್ಜಿ ಇಂಗ್ಲಿಷಿನಲ್ಲಿ ಹೋಗುವುದು ರೂಢಿ. ಆದರೆ ಮೊದಲು ಕನ್ನಡದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು, ಆಮೇಲೆ ನಿಮ್ಮ ಸಿಎಸ್ ಅಥವಾ ಸಿಎ ಕೈಯಲ್ಲಿ ಇಂಗ್ಲಿಷಿಗೆ ತರಿಸಿದರೆ ಪತ್ರದಲ್ಲಿ ನಿಮ್ಮ ಸಂಗತಿ ಉಳಿಯುತ್ತದೆ. ಸಿದ್ಧ ಮಾದರಿಯಲ್ಲಿ ಹೆಸರು ತುಂಬಿಸಿದ ಅರ್ಜಿಗಳನ್ನು ಅಧಿಕಾರಿಗಳು ದಿನವೂ ಓದುತ್ತಿರುತ್ತಾರೆ.

ವಿಷಯದ ಸಾಲು ಹೀಗಿರಲಿ: "ಸೆಕ್ಷನ್ 87ರ ಅಡಿ, ಚಾರ್ಜ್ ಸಂಖ್ಯೆ ಇಂಥದ್ದರ ತೀರುವಳಿ ತಿಳಿಸುವಲ್ಲಿ ಆದ ವಿಳಂಬವನ್ನು ಮನ್ನಾ ಮಾಡಿ ಅವಧಿ ವಿಸ್ತರಿಸುವಂತೆ ಕೋರಿಕೆ." ಮೊದಲ ಪ್ಯಾರಾದಲ್ಲಿ ಕಂಪನಿಯ ಹೆಸರು, CIN, ನೋಂದಾಯಿತ ಕಚೇರಿ, ಮಾಡುವ ಉದ್ಯೋಗ. ಎರಡನೆಯದರಲ್ಲಿ ಸಾಲ ಮತ್ತು ಚಾರ್ಜ್‌ನ ವಿವರ. ಇವೆರಡೂ ಚುಟುಕಾಗಿರಲಿ.

ಮೂರನೆಯ ಪ್ಯಾರಾದಲ್ಲಿ ತೀರುವಳಿ ಮತ್ತು ತಪ್ಪಿದ ಗಡುವನ್ನು ಸುತ್ತುಬಳಸದೆ ಹೇಳಿ:

> "ಕಂಪನಿಯು ಸದರಿ ಸಾಲದ ಕೊನೆಯ ಕಂತನ್ನು 18.08.2022ರಂದು ಪಾವತಿಸಿದ್ದು, ಅಂದಿಗೆ ಸಾಲ ಪೂರ್ಣವಾಗಿ ತೀರಿರುತ್ತದೆ. ಬ್ಯಾಂಕಿನ ಪತ್ರ ಮತ್ತು ಖಾತೆಯ ವಿವರ ಅನುಬಂಧ 2 ಮತ್ತು 3ರಲ್ಲಿವೆ. ತೀರುವಳಿಯನ್ನು 17.09.2022ರೊಳಗೆ ತಿಳಿಸಬೇಕಾಗಿತ್ತು. ಹೆಚ್ಚುವರಿ ಶುಲ್ಕದೊಂದಿಗೆ ತಿಳಿಸಬಹುದಾಗಿದ್ದ 300 ದಿನಗಳ ಅವಧಿಯೂ 14.06.2023ಕ್ಕೆ ಮುಗಿದಿರುತ್ತದೆ. ಈ ಅವಧಿಯೊಳಗೆ CHG-4 ಸಲ್ಲಿಕೆಯಾಗಿಲ್ಲ."

ತಪ್ಪನ್ನು ಹೀಗೆ ನೇರವಾಗಿ ಒಪ್ಪಿಕೊಂಡರೆ ಹೆಚ್ಚು ಶಿಕ್ಷೆ ಆದೀತು ಎಂಬ ಅಂಜಿಕೆ ಹಲವರಿಗಿದೆ. ದಿನಾಂಕಗಳು ಹೇಗೂ ಕಡತದಲ್ಲಿವೆ. ಮುಚ್ಚಿಟ್ಟ ಹಾಗೆ ಕಂಡರೆ ಮಾತ್ರ ಮುಂದಿನ ಪ್ಯಾರಾಗಳ ಮೇಲೆ ನಂಬಿಕೆ ಹೋಗುತ್ತದೆ.

ನಾಲ್ಕನೆಯ ಪ್ಯಾರಾ ಕಾರಣದ್ದು. ಇಲ್ಲಿ ಹೆಚ್ಚು ಸಮಯ ಕೊಡಿ. ಸೆಕ್ಷನ್ 87 ಕೇಳುವುದು ಇಷ್ಟು: ತಪ್ಪು ಆಕಸ್ಮಿಕವೇ, ಅಥವಾ ಅಜಾಗರೂಕತೆಯಿಂದ ಆದದ್ದೇ, ಅಥವಾ ಬೇರೆ ಸಾಕಷ್ಟು ಕಾರಣವಿದೆಯೇ, ಅಥವಾ ಸಾಲದಾತರಿಗಾಗಲಿ ಷೇರುದಾರರಿಗಾಗಲಿ ತೊಂದರೆ ಮಾಡುವಂಥದ್ದಲ್ಲವೇ. ಈ ನಾಲ್ಕರಲ್ಲಿ ನಿಮ್ಮ ಸಂಗತಿ ಎಲ್ಲಿ ಕೂರುತ್ತದೆ ಎಂದು ನೋಡಿ ಬರೆಯಿರಿ.

"ಕೋವಿಡ್ ಕಾರಣ" ಎಂಬ ಸಾಲನ್ನು ಜನ ಈಗಲೂ ಹಾಕುತ್ತಾರೆ. ಸೆಪ್ಟೆಂಬರ್ 2022ರ ಗಡುವಿಗೆ ಅದು ಹೊಂದುವುದಿಲ್ಲ. "ಕಾನೂನು ಗೊತ್ತಿರಲಿಲ್ಲ" ಎಂದು ಬರೆದರೆ, ಸಾಲ ತೆಗೆದುಕೊಳ್ಳುವಾಗ ಇದೇ ಕಂಪನಿ CHG-1 ಸಲ್ಲಿಸಿತ್ತಲ್ಲ ಎಂಬ ಪ್ರಶ್ನೆ ಬರುತ್ತದೆ. "ನಮ್ಮ ಲೆಕ್ಕಿಗರ ತಪ್ಪು" ಎಂದು ಬರೆದು ಪುರಾವೆ ಇಡದಿದ್ದರೆ ಅದು ಬರೀ ದೂರು. ನಿಲ್ಲುವ ಕಾರಣಕ್ಕೆ ದಿನಾಂಕವಿರುತ್ತದೆ, ಕಾಗದವಿರುತ್ತದೆ. ನಮ್ಮ ಉದಾಹರಣೆಯ ಕಂಪನಿಯಲ್ಲಿ ನಡೆದದ್ದು ಹೀಗೆ ಎನ್ನೋಣ:

> "ಕಂಪನಿಯಲ್ಲಿ ಪೂರ್ಣಾವಧಿ ಕಂಪನಿ ಸೆಕ್ರೆಟರಿ ಇರುವುದಿಲ್ಲ. ಬ್ಯಾಂಕ್ ಮತ್ತು ಇಲಾಖಾ ಪತ್ರವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಲೆಕ್ಕಪತ್ರ ನೌಕರರು 31.08.2022ರಂದು ಕೆಲಸ ಬಿಟ್ಟಿರುತ್ತಾರೆ (ಅನುಬಂಧ 4). 05.09.2022ರ ಬ್ಯಾಂಕ್ ಪತ್ರವನ್ನು ಹಿಂತಿರುಗಿ ಬಂದ ಮೂಲ ದಾಖಲೆಗಳ ಜೊತೆಯಲ್ಲೇ ಕಡತದಲ್ಲಿಡಲಾಗಿದ್ದು, ಅದನ್ನು ಆಧರಿಸಿ CHG-4 ಸಲ್ಲಿಸಬೇಕೆಂಬುದು ನಿರ್ದೇಶಕರ ಗಮನಕ್ಕೆ ಬಂದಿರುವುದಿಲ್ಲ. ತೀರುವಳಿಯನ್ನು ಬ್ಯಾಂಕೇ ನೋಂದಾಯಿಸಿರುತ್ತದೆಂದು ನಿರ್ದೇಶಕರು ಪ್ರಾಮಾಣಿಕವಾಗಿ ಭಾವಿಸಿದ್ದರು. 03.03.2025ರ ಸರ್ಚ್ ರಿಪೋರ್ಟ್‌ನಿಂದ (ಅನುಬಂಧ 5) ವಿಷಯ ತಿಳಿದ ಕೂಡಲೇ ಬ್ಯಾಂಕಿಗೆ 06.03.2025ರಂದು ಬರೆದು, 24.03.2025ರಂದು ಹೊಸ ಪತ್ರ ಪಡೆದು, 28.03.2025ರ ಸಭೆಯಲ್ಲಿ ಠರಾವು ಮಾಡಿ ಈ ಅರ್ಜಿಯನ್ನು ಸಲ್ಲಿಸಲಾಗುತ್ತಿದೆ."

ಕೊನೆಯ ವಾಕ್ಯವನ್ನು ಗಮನಿಸಿ. ವಿಷಯ ಗೊತ್ತಾದ ಮಾರ್ಚ್ 3ರಿಂದ ಅರ್ಜಿಯ ಏಪ್ರಿಲ್ 7ರವರೆಗಿನ ದಿನಗಳಿಗೂ ಅಲ್ಲಿ ಲೆಕ್ಕವಿದೆ. ಹೆಚ್ಚಿನ ಪತ್ರಗಳು ಹಳೆಯ ವಿಳಂಬವನ್ನು ವಿವರಿಸಿ, ಗೊತ್ತಾದ ಮೇಲೆ ಸುಮ್ಮನಿದ್ದ ನಾಲ್ಕೈದು ತಿಂಗಳ ಬಗ್ಗೆ ಮಾತೇ ಆಡುವುದಿಲ್ಲ. ಗೊತ್ತಿಲ್ಲದೆ ಆದ ತಡವನ್ನು ಅಜಾಗರೂಕತೆ ಎನ್ನಬಹುದು. ಗೊತ್ತಾದ ಮೇಲಿನ ತಡಕ್ಕೆ ಆ ಹೆಸರು ಸಲ್ಲದು, ಅದಕ್ಕೆ ಪ್ರತ್ಯೇಕ ಕಾರಣ ಕೊಡಲೇಬೇಕು. ಮೇಲಿನ ಪ್ಯಾರಾದಲ್ಲಿರುವ ಸಂಗತಿಗಳು ಉದಾಹರಣೆಗೆ ಮಾತ್ರ. ನಿಮ್ಮಲ್ಲಿ ಯಾರೂ ಕೆಲಸ ಬಿಟ್ಟಿಲ್ಲದಿದ್ದರೆ ಆ ಸಾಲನ್ನು ಎರವಲು ತರಬೇಡಿ. ಈ ಪತ್ರದ ಮೇಲೆ ಪ್ರಮಾಣ ಮಾಡುವವರು ನೀವು.

ಐದನೆಯ ಪ್ಯಾರಾ ತೊಂದರೆಯ ಪ್ರಶ್ನೆಗೆ ಉತ್ತರ. ಚಾರ್ಜ್ ತೀರುವಳಿಯ ಅರ್ಜಿಗಳಲ್ಲಿ ಕಂಪನಿಯ ಅತ್ಯಂತ ಬಲವಾದ ವಾದ ಇದೇ, ಆದರೂ ಬಹಳ ಜನ ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಚಾರ್ಜ್ ನೋಂದಾಯಿಸದೆ ಇದ್ದರೆ ಹೊರಗಿನ ಸಾಲದಾತರು ಮೋಸಹೋಗಬಹುದು, ಕಂಪನಿಯ ಆಸ್ತಿ ಮುಕ್ತವಾಗಿದೆ ಎಂದು ನಂಬಿ ಸಾಲ ಕೊಟ್ಟಾರು. ಇಲ್ಲಿ ಆಗಿರುವುದು ಅದರ ತಿರುಗುಮುರುಗು. ಕಡತವು ಕಂಪನಿಯ ಮೇಲೆ ಇಲ್ಲದ ಹೊರೆಯನ್ನು ತೋರಿಸುತ್ತಿದೆ, ಅದರಿಂದ ನಷ್ಟವಾಗಿದ್ದರೆ ಕಂಪನಿಗೇ. ಇದನ್ನು ಬರೆದು, ಸಾಲ ಕೊಟ್ಟ ಬ್ಯಾಂಕಿನ ಆಕ್ಷೇಪವಿಲ್ಲ, ಈ ಆಸ್ತಿಯ ಬಗ್ಗೆ ಯಾವ ನ್ಯಾಯಾಲಯದಲ್ಲೂ ವ್ಯಾಜ್ಯವಿಲ್ಲ, 31.03.2023ರಿಂದ ಲೆಕ್ಕಪತ್ರದಲ್ಲಿ ಬಾಕಿ ಶೂನ್ಯವಿದೆ ಎಂದು ಒಂದೊಂದಕ್ಕೂ ಅನುಬಂಧ ತೋರಿಸಿ. ವ್ಯಾಜ್ಯ ಇದ್ದರೆ ಮುಚ್ಚಿಡದೆ ವಿವರ ಕೊಡಿ.

ಕೊನೆಯ ಪ್ಯಾರಾದಲ್ಲಿ ಕೋರಿಕೆ ಖಚಿತವಾಗಿರಲಿ. "ದಯವಿಟ್ಟು ಪರಿಗಣಿಸಿ" ಎಂದು ನಿಲ್ಲಿಸಬೇಡಿ. ಚಾರ್ಜ್ ಸಂಖ್ಯೆ ಹೇಳಿ, 300 ದಿನ ಮೀರಿದ ವಿಳಂಬವನ್ನು ಸೆಕ್ಷನ್ 87ರ ಅಡಿ ಮನ್ನಾ ಮಾಡಿ, CHG-4 ಸಲ್ಲಿಸಲು ಅವಧಿ ವಿಸ್ತರಿಸಿ ಆದೇಶಿಸಬೇಕೆಂದು ಕೇಳಿ. ವಿಧಿಸುವ ಶರತ್ತುಗಳನ್ನು ಪಾಲಿಸುತ್ತೇವೆ ಎಂಬ ಒಂದು ವಾಕ್ಯ ಸೇರಿಸಿ.

ಪತ್ರ ಎರಡು ಪುಟ ಮೀರದಿದ್ದರೆ ಒಳ್ಳೆಯದು.

ಜೊತೆಗೆ ಹೋಗಬೇಕಾದ ಕಾಗದಗಳು

ನಿರ್ದೇಶಕರೊಬ್ಬರಿಗೆ ಅಧಿಕಾರ ಕೊಡುವ ಆಡಳಿತ ಮಂಡಳಿಯ ಠರಾವು, ಪತ್ರದ ಸಂಗತಿಗಳು ನಿಜವೆಂದು ಅದೇ ನಿರ್ದೇಶಕರು ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ, ಚಾರ್ಜ್ ನೋಂದಣಿಯ ಪ್ರಮಾಣಪತ್ರ, ಬ್ಯಾಂಕಿನ ಪತ್ರ, ಖಾತೆಯ ಸ್ಟೇಟ್‌ಮೆಂಟ್, ಸರ್ಚ್ ರಿಪೋರ್ಟ್, ಸಂಬಂಧಪಟ್ಟ ಲೆಕ್ಕಪತ್ರದ ಪುಟಗಳು. ಪತ್ರದಲ್ಲಿ "ಅನುಬಂಧ 4" ಎಂದು ಬರೆದಿದ್ದರೆ ನಾಲ್ಕನೆಯ ಕಾಗದದ ತಲೆಯ ಮೇಲೂ ಹಾಗೇ ಬರೆದಿರಬೇಕು. ಸಿಎಸ್ ಅಥವಾ ಸಿಎ ನಿಮ್ಮ ಪರವಾಗಿ ಹಾಜರಾಗುವುದಾದರೆ ಅವರ ಅಧಿಕಾರಪತ್ರವನ್ನೂ ಇಡಿ. ಠರಾವಿನ ದಿನ ಪ್ರಮಾಣಪತ್ರದ ದಿನಕ್ಕಿಂತ ಮೊದಲಿರಬೇಕು, ಅಧಿಕಾರ ಸಿಗುವ ಮೊದಲೇ ಪ್ರಮಾಣ ಮಾಡಿದಂತೆ ಆಗಬಾರದು.

CHG-8 ಅನ್ನು ಪೋರ್ಟಲ್‌ಗೆ ಲಾಗಿನ್ ಆಗಿ ಅಲ್ಲೇ ತುಂಬಿಸಬೇಕು. ಶುಲ್ಕವನ್ನು ಪೋರ್ಟಲ್ಲೇ ಲೆಕ್ಕ ಹಾಕಿ ತೋರಿಸುತ್ತದೆ. ಕಟ್ಟಿದ ಮೇಲೆ ಸಿಗುವ SRN ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ವಿಚಾರಣೆಗೂ ಅದೇ ಗುರುತು.

ಸಲ್ಲಿಸಿದ ಮೇಲೆ

ಪ್ರಾದೇಶಿಕ ನಿರ್ದೇಶಕರ ಕಚೇರಿ ಹೆಚ್ಚಿನ ಮಾಹಿತಿ ಕೇಳಬಹುದು, ಆರ್‌ಒಸಿಯ ವರದಿ ತರಿಸಿಕೊಳ್ಳಬಹುದು. ಕಂಪನಿಯ ನೋಂದಾಯಿತ ಇಮೇಲ್ ಈಗಲೂ ಹಳೆಯ ಲೆಕ್ಕಿಗರ ಹೆಸರಲ್ಲಿದ್ದರೆ ಇದಕ್ಕೆ ಮುಂಚೆಯೇ ಬದಲಿಸಿ. ಕೇಳಿದ ಸ್ಪಷ್ಟೀಕರಣಕ್ಕೆ ಕೊಟ್ಟ ಸಮಯದೊಳಗೆ ಉತ್ತರ ಹೋಗದಿದ್ದರೆ ಅರ್ಜಿ ಬಿದ್ದುಹೋಗಬಹುದು.

ಮನ್ನಾ ಆದೇಶ ಬಂತೆಂದರೆ ಚಾರ್ಜ್ ಮುಚ್ಚಿತು ಎಂದುಕೊಳ್ಳುವವರು ಅನೇಕರು. ಆದೇಶ ಕೊಡುವುದು ಸಮಯವನ್ನು ಮಾತ್ರ. ಆದೇಶದ ಪ್ರತಿಯನ್ನು INC-28 ನಮೂನೆಯಲ್ಲಿ ಆರ್‌ಒಸಿಗೆ ಸಲ್ಲಿಸಬೇಕು. ಆಮೇಲೆ ಆದೇಶದಲ್ಲಿ ಕೊಟ್ಟ ಅವಧಿಯೊಳಗೆ CHG-4 ಹಾಕಬೇಕು. ಇಲ್ಲಿ ತಡವಾದರೆ ಮತ್ತೆ ಮೊದಲಿನಿಂದ ಶುರು. ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಬ್ಯಾಂಕಿನ ಡಿಜಿಟಲ್ ಸಹಿಯಲ್ಲಿ. ಅಧಿಕಾರಿ ವರ್ಗವಾಗಿರುತ್ತಾರೆ ಅಥವಾ ಅವರ ಡಿಎಸ್‌ಸಿ ಅವಧಿ ಮುಗಿದಿರುತ್ತದೆ. ಆದ್ದರಿಂದ CHG-8 ಸಲ್ಲಿಸಿದ ವಾರದಲ್ಲೇ ಶಾಖೆಗೆ ಹೋಗಿ ಯಾರು ಸಹಿ ಹಾಕುತ್ತಾರೆ, ಅವರ ಡಿಎಸ್‌ಸಿ ಯಾವಾಗಿನವರೆಗೆ ಇದೆ ಎಂದು ಕೇಳಿಡಿ. ಬ್ಯಾಂಕಿನ ಸಹಿ ಇದ್ದರೆ ಆರ್‌ಒಸಿ ಬ್ಯಾಂಕಿಗೆ ಪ್ರತ್ಯೇಕ ನೋಟಿಸ್ ಕೊಟ್ಟು ಉತ್ತರಕ್ಕೆ ಕಾಯಬೇಕಾಗಿಯೂ ಇಲ್ಲ.

ವಿಳಂಬ ಮನ್ನಾ ಆದರೂ ದಂಡದ ಪ್ರಶ್ನೆ ಉಳಿಯಬಹುದು. ಸೆಕ್ಷನ್ 86ರಲ್ಲಿ ಕಂಪನಿಗೆ 5 ಲಕ್ಷ, ತಪ್ಪಿತಸ್ಥ ಅಧಿಕಾರಿಗೆ 50,000 ರೂಪಾಯಿ ದಂಡ ಹೇಳಿದೆ. ಕಾಯ್ದೆಯ ಅರ್ಥದಲ್ಲಿ ಸಣ್ಣ ಕಂಪನಿಯಾಗಿದ್ದರೆ ಸೆಕ್ಷನ್ 446ಬಿ ಪ್ರಕಾರ ಅದು ಅರ್ಧಕ್ಕಿಂತ ಹೆಚ್ಚಿರುವಂತಿಲ್ಲ, ಕಂಪನಿಗೆ 2 ಲಕ್ಷ ಮೀರುವಂತಿಲ್ಲ. ಮನ್ನಾ ಆದೇಶದಲ್ಲಿ "ದಂಡ ಕ್ರಮಕ್ಕೆ ಬಾಧಕವಾಗದಂತೆ" ಎಂಬ ಅರ್ಥದ ಸಾಲಿದ್ದರೆ ಅದನ್ನು ನಿಮ್ಮ ಸಿಎಸ್ ಜೊತೆ ಕೂತು ಓದಿ. ಮುಂದೆ ನೋಟಿಸ್ ಬಂದರೆ ಉತ್ತರದಲ್ಲಿ ಮೊದಲು ಹೇಳಬೇಕಾದದ್ದು ನೀವು ಸಣ್ಣ ಕಂಪನಿ ಎಂಬುದನ್ನು, ಆ ವರ್ಷದ ಷೇರು ಬಂಡವಾಳ ಮತ್ತು ವಹಿವಾಟಿನ ದಾಖಲೆಯೊಂದಿಗೆ.

CHG-4 ಅಂಗೀಕಾರವಾದ ಮೇಲೆ CHG-5 ಪ್ರಮಾಣಪತ್ರ ಬರುತ್ತದೆ. ಅದನ್ನು ಇಟ್ಟುಕೊಂಡು ಮತ್ತೊಮ್ಮೆ `Index of Charges` ತೆರೆಯಿರಿ. ತೀರುವಳಿಯ ದಿನದ ಕಂಬದಲ್ಲಿ 18/08/2022 ಎಂದೇ ಬಿದ್ದಿದೆಯೇ ನೋಡಿ. ಸಾಲಕ್ಕೆ ಜಮೀನೋ ಶೆಡ್ಡೋ ಅಡವಿದ್ದಿದ್ದರೆ ಅಡಮಾನಗಳ ಕೇಂದ್ರ ನೋಂದಣಿಯಾದ ಸೆರ್ಸೈ ದಾಖಲೆಯಲ್ಲಿ ಬ್ಯಾಂಕ್ ತೀರುವಳಿ ಹಾಕಿದೆಯೇ, ಉಪನೋಂದಣಿ ಕಚೇರಿಯ ಇ.ಸಿ.ಯಲ್ಲಿ ಬಿಡುಗಡೆ ಬಂದಿದೆಯೇ ಎಂದೂ ಪರಿಶೀಲಿಸಿ. ಈ ಮೂರು ದಾಖಲೆಗಳು ಒಂದಕ್ಕೊಂದು ತಾವಾಗಿ ಸರಿಹೋಗುವುದಿಲ್ಲ, ಹೊಸ ಬ್ಯಾಂಕಿನ ವಕೀಲರು ಮೂರನ್ನೂ ನೋಡುತ್ತಾರೆ.